ರಿಕ್ರೂಟರ್ ಮೆಸೇಜಿಗೆ ಉತ್ತರ ಬರುವುದು ಯಾವಾಗ?

‘ಗ್ರೀಟಿಂಗ್ಸ್ ಆಫ್ ದ ಡೇ! ನಿಮ್ಮ ಅನುಭವಕ್ಕೆ ತಕ್ಕ ಒಳ್ಳೆಯ ಅವಕಾಶವೊಂದು ನಮ್ಮಲ್ಲಿದೆ. ಹೊಸ ಸಿವಿ, ಈಗಿನ ಸಿಟಿಸಿ, ನಿರೀಕ್ಷೆಯ ಸಿಟಿಸಿ, ನೋಟಿಸ್ ಪೀರಿಯಡ್, ಈಗಿರುವ ಊರು, ಇಷ್ಟನ್ನು ಕಳಿಸಿಕೊಡಿ.’ ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ಯಾರ ಇನ್‌ಬಾಕ್ಸ್ ತೆರೆದರೂ ಇಂಥ ಮೆಸೇಜುಗಳು ಸಾಲಾಗಿ ಸಿಗುತ್ತವೆ. ಬಹಳ ಮಂದಿ ಪೂರ್ತಿ ಓದುವುದೂ ಇಲ್ಲ. ಕಳಿಸಿದ ರಿಕ್ರೂಟರ್‌ಗೂ ಅದು ಗೊತ್ತಿದೆ. ಆದರೂ ಅದೇ ಮೆಸೇಜು ಹೋಗುತ್ತಲೇ ಇರುತ್ತದೆ, ಏಕೆಂದರೆ ಬದಲಾಯಿಸಿದರೆ ಉತ್ತರ ಹೆಚ್ಚುತ್ತದೆಯೇ ಎಂದು ಅಳತೆ ಮಾಡಿ ನೋಡಿದವರು ಕಡಿಮೆ. ನೋಡಿದವರಲ್ಲೂ ಹಲವರು ತಪ್ಪಾಗಿ ಅಳೆದಿರುತ್ತಾರೆ.

ಬದಲಾಯಿಸಬಹುದಾದದ್ದು ಮುಖ್ಯವಾಗಿ ಮೂರು: ಉದ್ದ, ಮೊದಲ ಸಾಲು, ಕೊನೆಯ ಸಾಲು. ಉದ್ದದ ಬಗ್ಗೆ ಲಿಂಕ್ಡ್‌ಇನ್ ತನ್ನದೇ ಅಂಕಿಅಂಶ ಹೊರತಂದಿದೆ. ನಾಲ್ಕು ನೂರು ಅಕ್ಷರಗಳೊಳಗಿನ ಇನ್‌ಮೇಲ್‌ಗಳಿಗೆ ಸರಾಸರಿಗಿಂತ ಶೇ 22ರಷ್ಟು ಹೆಚ್ಚು ಉತ್ತರ ಬರುತ್ತದೆ ಎನ್ನುತ್ತದೆ ಅದು. ಇಲ್ಲಿ ಶೇ 22 ಎಂದರೆ ನೂರಕ್ಕೆ 22 ಜನ ಹೆಚ್ಚು ಎಂದಲ್ಲ. ನೂರು ಜನರಲ್ಲಿ ಹತ್ತು ಜನ ಉತ್ತರಿಸುತ್ತಿದ್ದರೆ ಈಗ ಹನ್ನೆರಡು ಜನ ಉತ್ತರಿಸುತ್ತಾರೆ, ಅಷ್ಟೇ. ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯದು: ಚಿಕ್ಕ ಮೆಸೇಜು ಹೋಗಿದ್ದು ಯಾರಿಗೆ? ಮೊದಲೇ ಒಮ್ಮೆ ಮಾತಾಡಿದವರಿಗೆ, ಹೆಸರು ಕೇಳಿದರೆ ಗೊತ್ತಾಗುವ ಕಂಪನಿಯ ಕೆಲಸಕ್ಕೆ, ರಿಕ್ರೂಟರ್ ಹೆಚ್ಚು ವಿವರಿಸಲು ಹೋಗುವುದಿಲ್ಲ. ಅಂಥವರು ಹೇಗೆ ಬರೆದರೂ ಉತ್ತರಿಸುತ್ತಿದ್ದರೇನೋ. ಮೆಸೇಜು ಚಿಕ್ಕದಾಗಿದ್ದರಿಂದ ಉತ್ತರ ಬಂತೋ, ಉತ್ತರಿಸುವಂಥವರಿಗೇ ಚಿಕ್ಕ ಮೆಸೇಜು ಹೋಯಿತೋ ಎಂಬುದು ಕಳಿಸಿಯಾದ ಮೆಸೇಜುಗಳನ್ನು ಎಣಿಸುವುದರಿಂದ ತಿಳಿಯುವುದಿಲ್ಲ.

ತಿಳಿಯಬೇಕಾದರೆ ಯಾರಿಗೆ ಯಾವ ಮೆಸೇಜು ಎಂಬುದನ್ನು ರಿಕ್ರೂಟರ್ ನಿರ್ಧರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ರೊನಾಲ್ಡ್ ಫಿಶರ್ ಗೊಬ್ಬರದ ಪ್ರಯೋಗಗಳಿಗೆ ಪಟ್ಟುಹಿಡಿದು ಜಾರಿಗೆ ತಂದ ಪದ್ಧತಿ ಇದು. ಒಂದೇ ಹೊಲದಲ್ಲೂ ಒಂದು ಕಡೆಯ ಮಣ್ಣಿನಂತೆ ಇನ್ನೊಂದು ಕಡೆಯದು ಇರುವುದಿಲ್ಲ. ಯಾವ ಪಟ್ಟಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿಗೆ ಬಿಟ್ಟರೆ ಮಣ್ಣಿನ ವ್ಯತ್ಯಾಸ ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ.

ಇಂದು ಚೀಟಿಯ ಕೆಲಸವನ್ನು ಸ್ಪ್ರೆಡ್‌ಶೀಟು ಮಾಡಿಕೊಡುತ್ತದೆ. ಹೆಸರುಗಳ ಪಕ್ಕದ ಕಾಲಮ್ಮಿನಲ್ಲಿ `=RAND()` ಎಂದು ಹಾಕಿ, ಬಂದ ಸಂಖ್ಯೆಗಳನ್ನು ಬರೀ ಮೌಲ್ಯಗಳಾಗಿ ಪೇಸ್ಟ್ ಮಾಡಿ, ಆ ಕಾಲಮ್ಮಿನ ಪ್ರಕಾರ ಪಟ್ಟಿಯನ್ನು ಜೋಡಿಸಿದರೆ ಸಾಕು. ಮೌಲ್ಯವಾಗಿ ಪೇಸ್ಟ್ ಮಾಡದಿದ್ದರೆ ಶೀಟು ಮುಟ್ಟಿದಾಗಲೆಲ್ಲ ಸಂಖ್ಯೆಗಳು ಬದಲಾಗಿ, ಯಾರು ಯಾವ ಗುಂಪಿನಲ್ಲಿದ್ದರು ಎಂಬುದೇ ಕಳೆದುಹೋಗುತ್ತದೆ. ಪಟ್ಟಿಯ ಮೊದಲರ್ಧಕ್ಕೆ ಒಂದು ಮೆಸೇಜು, ಉಳಿದರ್ಧಕ್ಕೆ ಇನ್ನೊಂದು ಎಂದು ಹಂಚುವುದಂತೂ ಬೇಡವೇ ಬೇಡ. ಸರ್ಚಿನಲ್ಲಿ ಮೇಲೆ ಬರುವವರೇ ಬೇರೆ, ಕೆಳಗೆ ಉಳಿಯುವವರೇ ಬೇರೆ.

ಮೊದಲ ಸಾಲನ್ನು ಪರೀಕ್ಷಿಸುವಾಗ ಚೀಟಿಯನ್ನೂ ಮೀರಿ ನುಸುಳುವ ತೊಂದರೆಯೊಂದಿದೆ. ಒಂದು ಗುಂಪಿಗೆ ‘ಗ್ರೀಟಿಂಗ್ಸ್ ಆಫ್ ದ ಡೇ’, ಇನ್ನೊಂದು ಗುಂಪಿಗೆ ‘ಪೇಮೆಂಟ್ ಗೇಟ್‌ವೇಯನ್ನು ಹೊಸ ಸರ್ವರಿಗೆ ಸ್ಥಳಾಂತರಿಸಿದ ಕೆಲಸದ ಬಗ್ಗೆ ನೀವು ಬರೆದದ್ದನ್ನು ಓದಿದೆ’ ಎಂಬಂತೆ ಅವರವರಿಗೇ ಬರೆದ ಸಾಲು. ಈ ಎರಡನೆಯದನ್ನು ಬರೆಯಬೇಕಾದರೆ ಪ್ರೊಫೈಲನ್ನು ಪೂರ್ತಿ ಓದಲೇಬೇಕು. ಓದುವಾಗ, ‘ಇವರು ಹೋದ ತಿಂಗಳಷ್ಟೇ ಹೊಸ ಕಂಪನಿ ಸೇರಿದ್ದಾರೆ, ಇವರಿಗೆ ಬೇಡ’ ಎಂದು ಕೆಲವರನ್ನು ಕೈಬಿಡುತ್ತೇವೆ. ಮೊದಲ ಗುಂಪಿನಲ್ಲಿ ಹಾಗೆ ಕೈಬಿಡುವವರಿಲ್ಲ, ಎಲ್ಲರಿಗೂ ಮೆಸೇಜು ಹೋಗುತ್ತದೆ. ಕೊನೆಗೆ ಎರಡನೆಯ ಗುಂಪು ಗೆಲ್ಲುತ್ತದೆ. ಆದರೆ ಗೆದ್ದದ್ದು ಸಾಲೋ, ಸೋಸಿದ್ದೋ? ಇದಕ್ಕೆ ಪರಿಹಾರ ಸುಲಭ, ಬೇಸರದ್ದು ಮಾತ್ರ. ಎಲ್ಲರ ಪ್ರೊಫೈಲನ್ನೂ ಮೊದಲೇ ಓದಿ, ಬೇಡದವರನ್ನು ತೆಗೆದು, ಆಮೇಲೆ ಚೀಟಿ ಎತ್ತಬೇಕು. ಎತ್ತಿದ ಮೇಲೆ ಯಾರನ್ನೂ ಬಿಡುವಂತಿಲ್ಲ.

ಇನ್ನು ಎಷ್ಟು ಜನ ಬೇಕು ಎಂಬ ಲೆಕ್ಕ. ಈ ಪರೀಕ್ಷೆಗಳು ಸೋಲುವುದು ಬಹುಪಾಲು ಇಲ್ಲೇ. ನೂರು ಜನರಿಗೆ ಹಳೆ ಮೆಸೇಜು ಕಳಿಸಿ 12 ಉತ್ತರ, ನೂರು ಜನರಿಗೆ ಹೊಸದು ಕಳಿಸಿ 18 ಉತ್ತರ ಬಂತೆನ್ನಿ. ಒಂದೂವರೆ ಪಟ್ಟು! ಆಫೀಸಿನ ಮೀಟಿಂಗಿನಲ್ಲಿ ಚಪ್ಪಾಳೆ ಬೀಳುವ ಸಂಖ್ಯೆ ಇದು. ಆದರೆ ಒಂದೇ ಮೆಸೇಜನ್ನು ಎರಡು ನೂರು ಜನರಿಗೆ ಕಳಿಸಿ ಸುಮ್ಮನೆ ಎರಡು ಭಾಗ ಮಾಡಿದರೂ ಇಷ್ಟು ಅಂತರ ಆಗಾಗ ಬರುತ್ತದೆ. ಎರಡೂ ಗುಂಪಿನಲ್ಲಿ ಜನ ಸಮನಾಗಿದ್ದು, ಉತ್ತರಿಸುವವರು ಸ್ವಲ್ಪವೇ ಇದ್ದಾಗ, ಕೈಲೆಕ್ಕದಲ್ಲೇ ಇದನ್ನು ಪರೀಕ್ಷಿಸಬಹುದು. ಎರಡೂ ಗುಂಪಿನ ಉತ್ತರಗಳನ್ನು ಕೂಡಿಸಿ ಅದರ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಅಂತರ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನಂಬಿ. ಇಲ್ಲಿ ಒಟ್ಟು 30, ವರ್ಗಮೂಲ ಸುಮಾರು ಐದೂವರೆ, ಎರಡರಷ್ಟು ಎಂದರೆ ಹನ್ನೊಂದು. ನಮ್ಮ ಅಂತರ ಬರೀ ಆರು. ಶೇ 12 ಮತ್ತು ಶೇ 18ರ ನಡುವಿನ ಅಂತರವನ್ನು ಭರವಸೆಯಿಂದ ಗುರುತಿಸಲು ಒಂದೊಂದು ಗುಂಪಿಗೂ ಸುಮಾರು 550 ಜನ ಬೇಕು. ಒಂದು ಹುದ್ದೆಗೆ ಅಷ್ಟು ಜನ ಎಲ್ಲಿಂದ ಬರಬೇಕು?

ಉಳಿತಾಯದ ದಾರಿಯನ್ನೂ ಫಿಶರ್ ತೋರಿಸಿಕೊಟ್ಟಿದ್ದಾರೆ. ಉದ್ದಕ್ಕೊಂದು, ಮೊದಲ ಸಾಲಿಗೊಂದು, ಕೊನೆಯ ಸಾಲಿಗೊಂದು ಎಂದು ಮೂರು ಪ್ರತ್ಯೇಕ ಪರೀಕ್ಷೆ ಮಾಡುವ ಬದಲು ಮೂರನ್ನೂ ಒಟ್ಟಿಗೇ ಬದಲಾಯಿಸುವುದು. ಚಿಕ್ಕದು ಅಥವಾ ಉದ್ದನೆಯದು, ಎಲ್ಲರಿಗೂ ಒಂದೇ ಆದ ಆರಂಭ ಅಥವಾ ಅವರಿಗೇ ಬರೆದ ಆರಂಭ, ಸಿವಿ-ಸಿಟಿಸಿ ಕೇಳುವ ಕೊನೆ ಅಥವಾ ‘ಈ ವಾರ ಹತ್ತು ನಿಮಿಷ ಮಾತಾಡಬಹುದೇ?’ ಎಂಬ ಕೊನೆ. ಇವನ್ನು ಬೆರೆಸಿದರೆ ಎಂಟು ಬಗೆಯ ಮೆಸೇಜು ಆಗುತ್ತವೆ. 400 ಜನರಿದ್ದರೆ ಒಂದೊಂದು ಬಗೆಗೆ 50 ಮಂದಿ. ಸೊಗಸು ಇರುವುದು ಎಣಿಸುವಾಗ: ಚಿಕ್ಕ ಮೆಸೇಜು ಪಡೆದವರು ಒಟ್ಟು 200, ಉದ್ದನೆಯದು ಪಡೆದವರು 200. ಅದೇ 400 ಜನರನ್ನು ಆರಂಭದ ಪ್ರಕಾರ ಮತ್ತೆ 200-200 ಆಗಿ, ಕೊನೆಯ ಪ್ರಕಾರ ಮಗದೊಮ್ಮೆ 200-200 ಆಗಿ ನೋಡಬಹುದು. ಒಬ್ಬೊಬ್ಬರೂ ಮೂರು ಪ್ರಶ್ನೆಗಳಿಗೂ ಸಾಕ್ಷಿಯಾಗುತ್ತಾರೆ.

ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಫಲಿತಾಂಶ ಇಟ್ಟುಕೊಳ್ಳೋಣ. 400 ಜನರಲ್ಲಿ 62 ಮಂದಿ ಆಸಕ್ತಿ ತೋರಿಸಿದರು. ಉದ್ದದ ಪ್ರಕಾರ ನೋಡಿದರೆ ಚಿಕ್ಕದಕ್ಕೆ 34, ಉದ್ದನೆಯದಕ್ಕೆ 28. ಆರಂಭದ ಪ್ರಕಾರ ಅವರಿಗೇ ಬರೆದದ್ದಕ್ಕೆ 42, ಎಲ್ಲರಿಗೂ ಒಂದೇ ಆದದ್ದಕ್ಕೆ 20. ಕೊನೆಯ ಪ್ರಕಾರ ಹತ್ತು ನಿಮಿಷದ ಪ್ರಶ್ನೆಗೆ 37, ಸಿವಿ ಕೇಳಿದ್ದಕ್ಕೆ 25. 62ರ ವರ್ಗಮೂಲದ ಎರಡರಷ್ಟು ಸುಮಾರು 16. ಆರಂಭದ ಅಂತರ 22, ಅದು ದಾಟಿತು. ಕೊನೆಯ ಅಂತರ 12, ಆಸೆ ಹುಟ್ಟಿಸುತ್ತದೆ ಆದರೆ ಸಾಲದು. ಮುಂದಿನ ಹುದ್ದೆಯಲ್ಲಿ ಇನ್ನೊಮ್ಮೆ ನೋಡಬೇಕು. ಉದ್ದದ ಅಂತರ 6, ಅದರಿಂದ ಏನನ್ನೂ ಹೇಳುವಂತಿಲ್ಲ. ಉದ್ದ ಲೆಕ್ಕಕ್ಕೇ ಬರುವುದಿಲ್ಲ ಎಂದೂ ಹೇಳುವಂತಿಲ್ಲ. ಈ 400 ಜನರಿಂದ ಅದು ಗೊತ್ತಾಗಲಿಲ್ಲ, ಅಷ್ಟೇ.

ಇಷ್ಟಾದ ಮೇಲೆ ಕೈ ತುರಿಸುತ್ತದೆ. ಎಂಟು ಬಗೆಗಳಲ್ಲಿ ಒಂದಕ್ಕೆ 50ರಲ್ಲಿ 14 ಉತ್ತರ ಬಂದಿರುತ್ತದೆ. ‘ಶೇ 28! ಇದೇ ಮೆಸೇಜು ಇಟ್ಟುಕೊಳ್ಳೋಣ’ ಎಂದು ಮ್ಯಾನೇಜರ್ ಹೇಳುತ್ತಾರೆ. ಎಂಟರಲ್ಲಿ ಮೇಲಿರುವುದನ್ನು ಹೆಕ್ಕಿದಾಗ ಅದರ ಗುಣದ ಜೊತೆ ಅದೃಷ್ಟವನ್ನೂ ಹೆಕ್ಕಿರುತ್ತೇವೆ. ಮುಂದಿನ ತಿಂಗಳು ಅದೇ ಮೆಸೇಜಿಗೆ ಶೇ 28 ಬರುವುದಿಲ್ಲ, ಆಗ ‘ಮಾರ್ಕೆಟ್ ಬಿದ್ದುಹೋಗಿದೆ’ ಎನ್ನುತ್ತಾರೆ. ದಿನಾ ಬೆಳಿಗ್ಗೆ ಲೆಕ್ಕ ನೋಡಿ, ಅಂತರ ದೊಡ್ಡದಾಗಿ ಕಂಡ ದಿನವೇ ಪರೀಕ್ಷೆ ನಿಲ್ಲಿಸುವುದೂ ಇದೇ ಜಾತಿಯ ತಪ್ಪು. ಎಷ್ಟು ಜನ, ಎಷ್ಟು ದಿನ ಕಾಯುವುದು ಎಂಬುದನ್ನು ಕಳಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಎಂಟೂ ಬಗೆಗಳು ಒಂದೇ ದಿನ, ಒಬ್ಬರದೇ ಹೆಸರಿನಿಂದ, ಒಂದೇ ಹುದ್ದೆಗೆ ಹೋಗಬೇಕು. ಉತ್ತರ ಬರದವರಿಗೆ ಮತ್ತೆ ಬರೆಯುವುದಾದರೆ ಎಲ್ಲರಿಗೂ ಒಂದೇ ಮಾತು, ಒಂದೇ ದಿನ.

ಮೇಲಿನ ಲೆಕ್ಕದಲ್ಲಿ ‘ಆಸಕ್ತಿ ತೋರಿಸಿದರು’ ಎಂದೆ, ‘ಉತ್ತರಿಸಿದರು’ ಎನ್ನಲಿಲ್ಲ. ಲಿಂಕ್ಡ್‌ಇನ್‌ನ ಲೆಕ್ಕದಲ್ಲಿ ‘ಬೇಡ’ ಎಂದು ಒತ್ತಿದ್ದೂ ಉತ್ತರವೇ. ತೊಂಬತ್ತು ದಿನದೊಳಗೆ ಹೌದು ಅಂದರೂ ಇಲ್ಲ ಅಂದರೂ ಇನ್‌ಮೇಲ್‌ಗೆ ತೆತ್ತ ಕ್ರೆಡಿಟ್ ವಾಪಸು ಬರುತ್ತದೆ. ಹಾಗಾಗಿ ಕೆರಳಿಸುವ ಮೆಸೇಜೊಂದು ಉತ್ತರದ ದರವನ್ನು ಚೆನ್ನಾಗಿಯೇ ಏರಿಸಬಲ್ಲದು. ಕೆಲಸದ ವಿವರವೇ ಇಲ್ಲದ ಎರಡು ಸಾಲಿನ ಮೆಸೇಜಿಗೆ ‘ಜೆಡಿ ಕಳಿಸಿ’, ‘ಪ್ಯಾಕೇಜ್ ಎಷ್ಟು?’ ಎಂಬ ಉತ್ತರಗಳು ಬರುತ್ತವೆ, ಜೆಡಿ ನೋಡಿದ ಮೇಲೆ ಆ ಕಡೆಯಿಂದ ಸದ್ದಿಲ್ಲ. ಸಿವಿ, ಸಿಟಿಸಿ ಕೇಳುವ ಕೊನೆಯ ಸಾಲು ಇದಕ್ಕೆ ತಿರುಗುಮುರುಗಾಗಬಹುದು. ಉತ್ತರಿಸುವವರು ಕಡಿಮೆ, ಆದರೆ ಉತ್ತರಿಸಿದವರು ಕೆಲಸ ಬದಲಿಸಲು ತಯಾರಾಗಿಯೇ ಇರುತ್ತಾರೆ. ಅದಕ್ಕೇ ಉತ್ತರದ ಕಾಲಮ್ಮಿನ ಪಕ್ಕ ಇನ್ನೆರಡು ಕಾಲಮ್ಮು ಬೇಕು: ಫೋನಿನಲ್ಲಿ ಮಾತಾಡಿದರೇ, ಇಂಟರ್‌ವ್ಯೂಗೆ ಬಂದರೇ. ಈ ಸಂಖ್ಯೆಗಳು ಚಿಕ್ಕವಾದ್ದರಿಂದ ಒಂದು ಹುದ್ದೆಯಲ್ಲಿ ಏನೂ ತೀರ್ಮಾನವಾಗುವುದಿಲ್ಲ, ಹಲವು ಹುದ್ದೆಗಳ ಶೀಟುಗಳನ್ನು ಕೂಡಿಸಬೇಕಾಗುತ್ತದೆ. ಕೂಡಿಸುವುದಾದರೂ ಒಂದೊಂದು ಹುದ್ದೆಯೊಳಗೆ ಎರಡೂ ಬಗೆ ಸಮಸಮ ಹೋಗಿರಬೇಕು.

ಸಮಯದ ಲೆಕ್ಕವೂ ಉಂಟು. ಅವರವರಿಗೇ ಸಾಲು ಬರೆಯಲು ತಲಾ ಐದು ನಿಮಿಷ ಹಿಡಿದರೆ 200 ಜನಕ್ಕೆ ಸುಮಾರು ಹದಿನೇಳು ತಾಸು, ಅಂದರೆ ಎರಡು ದಿನದ ಕೆಲಸ. ನಮ್ಮ ಕಲ್ಪಿತ ಲೆಕ್ಕದಲ್ಲಿ ಅದು ತಂದುಕೊಟ್ಟದ್ದು 22 ಹೆಚ್ಚಿನ ಆಸಕ್ತರನ್ನು. ಅನುಭವಿ ಎಂಜಿನಿಯರುಗಳು ಬೆರಳೆಣಿಕೆಯಷ್ಟೇ ಇರುವ ಹುದ್ದೆಗೆ ಇದು ಅಗ್ಗ. ಸಾವಿರಾರು ಜನ ಸಿಗುವ ಹುದ್ದೆಗೆ ಅದೇ ಎರಡು ದಿನದಲ್ಲಿ ಇನ್ನಷ್ಟು ಜನರಿಗೆ ಸಾಮಾನ್ಯ ಮೆಸೇಜನ್ನೇ ಕಳಿಸಿದರೆ ಹೆಚ್ಚು ಜನ ಸಿಗಬಹುದು. ಸಮಯ ಉಳಿಸಲು ‘ನಿಮ್ಮ ಪ್ರೊಫೈಲ್ ಬಹಳ ಮೆಚ್ಚುಗೆಯಾಯಿತು’ ಎಂಬ ಸಿದ್ಧ ಸಾಲು ಹಾಕುವವರಿದ್ದಾರೆ. ಅದನ್ನು ಅವರಿಗೇ ಬರೆದ ಆರಂಭ ಎಂದು ಶೀಟಿನಲ್ಲಿ ಗುರುತು ಹಾಕಿಕೊಂಡರೆ ಪರೀಕ್ಷೆ ಕೆಟ್ಟಂತೆಯೇ.

ಪರೀಕ್ಷೆಗೆ ಇನ್ನೊಂದು ಸಾಲು ಕಾದು ಕೂತಿದೆ: ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಮೆಸೇಜಿನಲ್ಲೇ ಹೇಳುವುದು. ಅದಕ್ಕೆ ಸ್ಪ್ರೆಡ್‌ಶೀಟಿಗಿಂತ ಮೊದಲು ಗ್ರಾಹಕ ಕಂಪನಿಯ ಒಪ್ಪಿಗೆ ಬೇಕು. ಅದು ಸಿಗುವಷ್ಟರಲ್ಲಿ ಹುದ್ದೆಯೇ ಭರ್ತಿಯಾಗಿರುತ್ತದೆ.