ಕಾರಿನೊಳಗಿನ ಬಣ್ಣದ ಬೆಳಕು, ಗಾಜಿನಾಚೆಯ ಕತ್ತಲು

ಈಗಿನ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿಗೂ ಬಾಗಿಲುಗಳಿಗೂ ಎಲ್‌ಇಡಿ ಪಟ್ಟಿ ಇರುತ್ತದೆ. 64 ಬಣ್ಣಗಳ ಆಯ್ಕೆ ಕೊಡುವ ಕಾರುಗಳೂ ಇವೆ. ಬಣ್ಣ ಆರಿಸುವ ಮೊದಲು ಚಾಲಕರು ನೋಡಬೇಕಾದದ್ದು ಆ ಪಟ್ಟಿಯ ಪ್ರತಿಬಿಂಬ ಗಾಜಿನಲ್ಲಿ ಎಲ್ಲಿ ಬೀಳುತ್ತದೆ ಎಂಬುದನ್ನು.

ಬಲಗಡೆಯ ಕನ್ನಡಿಯತ್ತ ಓರೆಯಾಗಿ ನೋಡುವಾಗ ಕಿಟಕಿಯ ಗಾಜು ಒಳಗಿನ ಬೆಳಕಿನ ಸುಮಾರು ಹತ್ತನೇ ಒಂದು ಪಾಲನ್ನು ನಮ್ಮ ಕಣ್ಣಿಗೇ ತಿರುಗಿಸುತ್ತದೆ. ಹೀಗೆ ಕಾಣುವುದು ಹೆಚ್ಚಾಗಿ ಎಡಬದಿಯ ಪಟ್ಟಿ. ಒಂದು ಲೆಕ್ಕ ಹಾಕೋಣ. ಬೀದಿದೀಪ ಮಂದವಾಗಿರುವ ಅಡ್ಡರಸ್ತೆಯ ಹೊಳಪು ಚದರ ಮೀಟರಿಗೆ 0.5 ಕ್ಯಾಂಡೆಲಾ, ಅಲ್ಲಿ ಬರುತ್ತಿರುವ ಸೈಕಲ್ ಸವಾರನ ಕಪ್ಪು ಅಂಗಿಯದು 0.3 ಎಂದಿಟ್ಟುಕೊಳ್ಳಿ. ಸವಾರ ಹಿನ್ನೆಲೆಗಿಂತ ಶೇ 40ರಷ್ಟು ಕಪ್ಪಗೆ ಕಾಣುತ್ತಾನೆ. ಈಗ 4 ಕ್ಯಾಂಡೆಲಾ ಹೊಳಪಿನ ಪಟ್ಟಿಯ ಪ್ರತಿಬಿಂಬ ಅವನ ಮೇಲೆಯೇ ಬಿದ್ದರೆ, ಸವಾರನಿಗೂ ರಸ್ತೆಗೂ 0.4 ಸೇರಿ ಅವು 0.7 ಮತ್ತು 0.9 ಆಗುತ್ತವೆ. ವ್ಯತ್ಯಾಸ ಶೇ 22ಕ್ಕೆ ಇಳಿಯುತ್ತದೆ. ಪಟ್ಟಿ ಕೆಂಪಾದರೂ ನೀಲಿಯಾದರೂ ಈ ನಷ್ಟ ತಪ್ಪಿದ್ದಲ್ಲ.

ಬಣ್ಣದ ಮಾತು ಬರುವುದು ಇದರ ನಂತರ. ಮಂದ ಬೆಳಕಿನಲ್ಲಿ, ಅದರಲ್ಲೂ ನೋಟದ ಅಂಚಿನಲ್ಲಿ, ಕೆಲಸ ಮಾಡುವವು ಅಕ್ಷಿಪಟಲದ ರಾಡ್ ಕೋಶಗಳು. ಅವು ಅತಿ ಹೆಚ್ಚು ಸ್ಪಂದಿಸುವುದು 507 ನ್ಯಾನೋಮೀಟರ್ ಆಸುಪಾಸಿನ ನೀಲಿ-ಹಸಿರು ಬೆಳಕಿಗೆ. ಕಡುಗೆಂಪು ಅವುಗಳಿಗೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಹಗಲಿನ ಕಣ್ಣಿಗೆ ಒಂದೇ ಹೊಳಪಿನವಾಗಿ ತೋರುವ 470 ನ್ಯಾನೋಮೀಟರಿನ ನೀಲಿಯೂ 630ರ ಕೆಂಪೂ ರಾಡ್ ಕೋಶಗಳ ಪಾಲಿಗೆ ನೂರಾರು ಪಟ್ಟು ಬೇರೆ. ಕತ್ತಲಿಗೆ ಹೊಂದಿಕೊಳ್ಳಲು ಅವುಗಳಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹೊಳೆಯುವ ನೀಲಿ ಆ ಹೊಂದಾಣಿಕೆಗೆ ಅಡ್ಡಬರುತ್ತದೆ. ಸಾಲದ್ದಕ್ಕೆ, ಕಣ್ಣಿನ ಮಸೂರ ನೀಲಿಯನ್ನು ಅಕ್ಷಿಪಟಲಕ್ಕಿಂತ ಮುಂಚೆಯೇ ಕೇಂದ್ರೀಕರಿಸುವುದರಿಂದ ನೀಲಿ ಗೆರೆಯ ಅಂಚು ಮಸುಕಾಗಿ ಹರಡುತ್ತದೆ. ಬಿಎಂಡಬ್ಲ್ಯು ಕಾರುಗಳ ಮೀಟರುಗಳಿಗೆ ದಶಕಗಳ ಕಾಲ ಕಿತ್ತಳೆ-ಕೆಂಪು ಬೆಳಕು ಇದ್ದದ್ದು ಇದಕ್ಕೆ ಹೊಂದುವ ಆಯ್ಕೆ.

ಆದರೆ ಕೆಂಪಿನ ಈ ಲಾಭವನ್ನು ಹಿಗ್ಗಿಸಿ ಹೇಳಬಾರದು. ಹೆಡ್‌ಲೈಟ್ ಬೆಳಕಿನ ರಸ್ತೆಯಲ್ಲಿ ರಾಡ್ ಕೋಶಗಳು ಪೂರ್ತಿ ಕತ್ತಲಿಗೆ ಒಗ್ಗಿರುವುದೇ ಇಲ್ಲ, ಎದುರಿನ ಲಾರಿಯ ಹೈಬೀಮ್ ಒಂದೇ ಸಾಕು ಅವನ್ನು ಕೆಡಿಸಲು. ಹಾಗಾಗಿ ಹೊಳಪು ತಗ್ಗಿಸುವುದು ನನ್ನ ಮೊದಲ ಆಯ್ಕೆ, ಕೆಂಪು ಅಥವಾ ಕಿತ್ತಳೆ ಬಣ್ಣ ಎರಡನೆಯದು.

ನಿಮ್ಮ ಕಾರನ್ನು ಪರೀಕ್ಷಿಸುವುದು ಸುಲಭ. ಬೀದಿದೀಪವಿಲ್ಲದ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಚಾಲಕರ ಸೀಟಿನಿಂದಲೇ ಎರಡೂ ಕನ್ನಡಿಗಳನ್ನೂ ಮುಂದಿನ ಗಾಜನ್ನೂ ನೋಡಿ. ಗಾಜಿನಲ್ಲಿ ಬಣ್ಣದ ಗೆರೆ ಕಂಡರೆ, ಅದು ಮಾಯವಾಗುವವರೆಗೆ ಹೊಳಪು ಇಳಿಸಿ. ಕನಿಷ್ಠ ಮಟ್ಟದಲ್ಲೂ ಉಳಿದರೆ ಆ ಭಾಗದ ಪಟ್ಟಿಯನ್ನು ಆಫ್ ಮಾಡಿ, ಕಾಲ ಬುಡದ ದೀಪವೊಂದನ್ನೇ ಇಟ್ಟುಕೊಳ್ಳಬಹುದು. ಅದರ ಬೆಳಕು ಸಾಮಾನ್ಯವಾಗಿ ಗಾಜಿನವರೆಗೆ ಏರುವುದಿಲ್ಲ.