ನಾಲ್ಕು ಬಿಂದುಗಳು, ಒಂದು ವೃತ್ತ

ಒಂದೇ ಸರಳರೇಖೆಯಲ್ಲಿಲ್ಲದ ಯಾವುದೇ ಮೂರು ಬಿಂದುಗಳ ಮೂಲಕ ಒಂದು ವೃತ್ತ ಹಾದುಹೋಗುತ್ತದೆ, ಒಂದೇ ಒಂದು. ನಾಲ್ಕನೆಯ ಬಿಂದುವಿಗೆ ಈ ಭರವಸೆ ಇಲ್ಲ. ಮೂರು ಬಿಂದುಗಳು ವೃತ್ತವನ್ನು ಆಗಲೇ ನಿರ್ಧರಿಸಿಬಿಟ್ಟಿರುವುದರಿಂದ ನಾಲ್ಕನೆಯದು ಅದರ ಮೇಲೆ ಬೀಳಬಹುದು, ಬೀಳದೆಯೂ ಇರಬಹುದು. ಬಿದ್ದರೆ ಆ ನಾಲ್ಕು ಶೃಂಗಗಳ ಚತುರ್ಭುಜವು ಚಕ್ರೀಯ ಚತುರ್ಭುಜ.

ಅದರ ಪ್ರಸಿದ್ಧ ಗುಣ ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೂರನೆಯ ಪುಸ್ತಕದಲ್ಲಿದೆ: ಅಭಿಮುಖ ಕೋನಗಳ ಮೊತ್ತ 180°. ಕಾರಣ ಸರಳ. ABCD ವೃತ್ತದ ಮೇಲಿದ್ದರೆ B ಯಲ್ಲಿನ ಕೋನವು ತನ್ನ ಎದುರಿನ ಕಂಸ ಕೇಂದ್ರದಲ್ಲಿ ಏರ್ಪಡಿಸುವ ಕೋನದ ಅರ್ಧ. D ಯಲ್ಲಿನ ಕೋನ ಉಳಿದ ಕಂಸದ ಕೋನದ ಅರ್ಧ. ಎರಡೂ ಕಂಸ ಸೇರಿ 360° ಆಗುವುದರಿಂದ ಅರ್ಧಗಳ ಮೊತ್ತ 180°.

ಆದರೆ ನಾಲ್ಕು ಬಿಂದುಗಳು ವೃತ್ತದ ಮೇಲಿವೆ ಎಂದು ಸಾಧಿಸಬೇಕಾದಾಗ ಈ ಪ್ರಮೇಯ ನೆರವಿಗೆ ಬರುವುದಿಲ್ಲ, ಏಕೆಂದರೆ ಅದು ವೃತ್ತವನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಅಲ್ಲಿ ಬೇಕಾದದ್ದು ವಿಲೋಮ: ಚತುರ್ಭುಜದ ಒಂದು ಜೊತೆ ಅಭಿಮುಖ ಕೋನಗಳ ಮೊತ್ತ 180° ಆದರೆ ಅದು ಚಕ್ರೀಯ. ಇದಕ್ಕೆ ಪ್ರತ್ಯೇಕ ಸಾಧನೆಯೇ ಬೇಕು.

A, B, C ಮೂಲಕ ವೃತ್ತವನ್ನು ಎಳೆಯಲಾಗಿದೆ ಎಂದಿಟ್ಟುಕೊಳ್ಳೋಣ. D ಬಿಂದು AC ಗೆ B ಇರುವ ಬದಿಯ ಆಚೆಗಿದೆ, ಮತ್ತು ∠ABC + ∠ADC = 180°. D ವೃತ್ತದ ಹೊರಗಿದ್ದರೆ ಏನಾಗುತ್ತದೆ? AC ಯ ಮಧ್ಯಬಿಂದು M ನಿಂದ D ಗೆ ಎಳೆದ ರೇಖೆ ವೃತ್ತವನ್ನು E ಯಲ್ಲಿ ಕಡಿಯುತ್ತದೆ. E ವೃತ್ತದ ಮೇಲಿರುವುದರಿಂದ ∠AEC = 180° − ∠ABC, ಅಂದರೆ ∠ADC ಗೆ ಸಮ. ಆದರೆ E ಬಿಂದು ತ್ರಿಭುಜ ADC ಯ ಒಳಗಿದೆ. ತ್ರಿಭುಜದ ಒಳಗಿನ ಬಿಂದುವಿನಲ್ಲಿ AC ಏರ್ಪಡಿಸುವ ಕೋನ ಶೃಂಗ D ಯಲ್ಲಿನದಕ್ಕಿಂತ ದೊಡ್ಡದಾಗಿರಲೇಬೇಕು. ಒಂದೇ ಕೋನ ಸಮವೂ ದೊಡ್ಡದೂ ಆಗಲಾರದು. D ವೃತ್ತದ ಒಳಗಿದ್ದರೆ MD ಯನ್ನು ವೃತ್ತದವರೆಗೆ ಮುಂದುವರಿಸಿದಾಗ ಇದೇ ವಿರೋಧ ತಿರುವುಮುರುವಾಗಿ ಬರುತ್ತದೆ. ಹೊರಗೂ ಇಲ್ಲ, ಒಳಗೂ ಇಲ್ಲ. D ವೃತ್ತದ ಮೇಲೆಯೇ ಇದೆ.

ಇದೇ ತರ್ಕದಿಂದ ಇನ್ನೊಂದು ನಿಬಂಧನೆಯೂ ಸಿಗುತ್ತದೆ: ಒಂದು ರೇಖಾಖಂಡವು ತನ್ನ ಒಂದೇ ಬದಿಯಲ್ಲಿರುವ ಎರಡು ಬಿಂದುಗಳಲ್ಲಿ ಸಮ ಕೋನಗಳನ್ನು ಏರ್ಪಡಿಸಿದರೆ ಆ ನಾಲ್ಕೂ ಬಿಂದುಗಳು ಒಂದೇ ವೃತ್ತದ ಮೇಲಿವೆ. ‘ಒಂದೇ ಬದಿಯಲ್ಲಿ’ ಎಂಬ ಮಾತನ್ನು ಮರೆತರೆ ಸಾಧನೆ ಕುಸಿಯುತ್ತದೆ. 60° ಕೋನವಿರುವ ಸಮಾಂತರ ಚತುರ್ಭುಜ ABCD ಯಲ್ಲಿ B ಮತ್ತು D ಕೋನಗಳು ಎರಡೂ 60°. AC ಎರಡರಲ್ಲೂ ಸಮ ಕೋನವನ್ನೇ ಏರ್ಪಡಿಸುತ್ತದೆ. ಆದರೂ ಅದು ಚಕ್ರೀಯವಲ್ಲ, ಏಕೆಂದರೆ ಮೊತ್ತ ಬರೀ 120°. ಬಿಂದುಗಳು ಒಂದೇ ಬದಿಯಲ್ಲಿದ್ದರೆ ಸಮತೆ, ಎದುರುಬದುರಾಗಿದ್ದರೆ 180° ಮೊತ್ತ: ಯಾವುದು ಬೇಕೆಂಬುದನ್ನು ಚಿತ್ರ ನೋಡಿ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಈ ಎರಡೂ ನಿಬಂಧನೆಗಳು ಕೆಲಸ ಮಾಡುವುದನ್ನು ನೋಡಲು ತ್ರಿಭುಜದ ಲಂಬಗಳಿಗಿಂತ ಒಳ್ಳೆಯ ಜಾಗವಿಲ್ಲ. ತ್ರಿಭುಜ ABC ಯ ಕೋನಗಳು A = 60°, B = 50°, C = 70° ಇರಲಿ. B ಯಿಂದ AC ಗೆ ಎಳೆದ ಲಂಬದ ಪಾದ E, C ಯಿಂದ AB ಗೆ ಎಳೆದದ್ದು F, ಎರಡೂ ಲಂಬಗಳು ಕೂಡುವ ಬಿಂದು H. ∠BEC, ∠BFC ಎರಡೂ 90°. E, F ಎರಡೂ BC ಯ ಒಂದೇ ಬದಿಯಲ್ಲಿವೆ. ಆದ್ದರಿಂದ B, C, E, F ಒಂದೇ ವೃತ್ತದ ಮೇಲಿವೆ, BC ಅದರ ವ್ಯಾಸ. ಇತ್ತ AFHE ಚತುರ್ಭುಜದಲ್ಲಿ F ಮತ್ತು E ಅಭಿಮುಖ ಶೃಂಗಗಳು. ಅಲ್ಲಿಯ ಕೋನಗಳು 90° + 90° = 180°, ಹಾಗಾಗಿ ಅದೂ ಚಕ್ರೀಯ.

ವೃತ್ತ ಸಿಕ್ಕಮೇಲೆ ಮೂಲ ಪ್ರಮೇಯಕ್ಕೆ ಮರಳಬಹುದು. BCEF ಚಕ್ರೀಯವಾದ್ದರಿಂದ ∠BFE = 180° − 70° = 110°. A, F, B ಒಂದೇ ರೇಖೆಯಲ್ಲಿರುವುದರಿಂದ ∠AFE = 70°, ಅಂದರೆ ಕೋನ C ಗೆ ಸಮ. ಹೀಗೆಯೇ ∠AEF = 50°. ಲಂಬಪಾದಗಳನ್ನು ಸೇರಿಸಿದ ರೇಖೆ ಮೂಲ ತ್ರಿಭುಜಕ್ಕೆ ಸಮರೂಪವಾದ ಚಿಕ್ಕ ತ್ರಿಭುಜವೊಂದನ್ನು, ಆದರೆ ತಿರುಗಿಸಿಟ್ಟಂತೆ, ಕತ್ತರಿಸುತ್ತದೆ.

ಕೋನಗಳು ತಿಳಿಯದೆ ಉದ್ದಗಳು ಮಾತ್ರ ಗೊತ್ತಿದ್ದರೆ ಕರ್ಣಗಳನ್ನು ನೋಡಬೇಕು. ABCD ಯ ಕರ್ಣಗಳು P ಯಲ್ಲಿ ಛೇದಿಸಿ PA = 3, PC = 8, PB = 4, PD = 6 ಎಂದಿರಲಿ. 3 × 8 = 4 × 6. ಈ ಸಮತೆಯನ್ನು ಅನುಪಾತವಾಗಿ ಬರೆದರೆ PA/PD = PB/PC = 1/2. P ಯಲ್ಲಿ ಶೃಂಗಾಭಿಮುಖ ಕೋನಗಳು ಸಮವಾದ್ದರಿಂದ PAB, PDC ತ್ರಿಭುಜಗಳು ಸಮರೂಪ. ಹಾಗಾಗಿ ∠BAC = ∠BDC. A, D ಗಳು BC ಯ ಒಂದೇ ಬದಿಯಲ್ಲಿರುವುದರಿಂದ ನಾಲ್ಕೂ ಬಿಂದುಗಳು ಒಂದೇ ವೃತ್ತದ ಮೇಲಿವೆ. ಕರ್ಣಗಳ ನಡುವಿನ ಕೋನ ಎಷ್ಟೇ ಇದ್ದರೂ ಈ ಫಲಿತಾಂಶ ಬದಲಾಗುವುದಿಲ್ಲ. ಆ ಕೋನದೊಂದಿಗೆ ಬದಲಾಗುವುದು ವೃತ್ತದ ಗಾತ್ರ.