ಸೋರಿಯಾಸಿಸ್: ಬಿಳಿ ಹೊಟ್ಟಿನ ಮಚ್ಚೆಗಳು ಮೊಣಕೈ ಮತ್ತು ಮೊಣಕಾಲುಗಳ ಮೇಲೆಯೇ ಮೂಡುವುದೇಕೆ?

ಸಾರ್ವಜನಿಕರ ಮಾಹಿತಿಗಾಗಿ

ಹೋಟೆಲು ಕೆಲಸ, ವಸತಿ ನಿಲಯ ಪ್ರವೇಶ ಮುಂತಾದವುಗಳಿಗೆ ವೈದ್ಯಕೀಯ ದೃಢತೆ ಪ್ರಮಾಣ ಪತ್ರ ಕೋರಿ ಅರ್ಜಿ ಸಲ್ಲಿಸುವವರಲ್ಲಿ ಕೆಲವರು ಬೇಸಿಗೆಯಲ್ಲಿಯೂ ಪೂರ್ಣ ತೋಳಿನ ಅಂಗಿ ಧರಿಸಿ ಬರುತ್ತಾರೆ. ಮೊಣಕೈ ಮೇಲಿನ ಮಚ್ಚೆಯನ್ನು ಯಾರಾದರೂ ಕುಷ್ಠವೆಂದೋ, ಗಜಕರ್ಣವೆಂದೋ ತಿಳಿದಾರೆಂಬುದು ಅವರ ಅಂಜಿಕೆ. ಆ ಮಚ್ಚೆಯು ಸೋರಿಯಾಸಿಸ್ ಆಗಿದ್ದಲ್ಲಿ ಅದು ಸ್ಪರ್ಶದಿಂದಾಗಲಿ, ಬಟ್ಟೆ-ಪಾತ್ರೆಗಳಿಂದಾಗಲಿ ಒಬ್ಬರಿಂದ ಒಬ್ಬರಿಗೆ ಹರಡತಕ್ಕ ರೋಗವಲ್ಲ. ಏಕೆಂದರೆ ಅದನ್ನು ಉಂಟುಮಾಡುವ, ಹರಡಬಲ್ಲ ರೋಗಾಣು ಮಚ್ಚೆಯಲ್ಲಿ ಇರುವುದಿಲ್ಲ. ಹಾಗಾದರೆ ಅಲ್ಲಿ ನಡೆಯುತ್ತಿರುವುದೇನು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

ಇಪ್ಪತ್ತೆಂಟು ದಿನಗಳ ಕೆಲಸ ನಾಲ್ಕು ದಿನಗಳಲ್ಲಿ

ಚರ್ಮದ ಹೊರಪದರದ ತಳದಲ್ಲಿ ಹೊಸ ಜೀವಕೋಶಗಳು ನಿರಂತರವಾಗಿ ಹುಟ್ಟುತ್ತಿರುತ್ತವೆ. ಪ್ರತಿಯೊಂದು ಕೋಶವೂ ಮೇಲಕ್ಕೆ ಸರಿಯುತ್ತಾ ಚಪ್ಪಟೆಯಾಗಿ, ತನ್ನೊಳಗಿನ ಕೋಶಕೇಂದ್ರವನ್ನು ಕಳೆದುಕೊಂಡು, ಗಟ್ಟಿಯಾದ ಹಲ್ಲೆಯಾಗಿ ಕೊನೆಗೆ ಉದುರುತ್ತದೆ. ಈ ಪಯಣಕ್ಕೆ ಆರೋಗ್ಯವಂತರಲ್ಲಿ ಸುಮಾರು 28 ದಿನಗಳು ಹಿಡಿಯುತ್ತವೆ. ಉದುರುವ ಹಲ್ಲೆಗಳು ಬಿಡಿಬಿಡಿಯಾಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ.

ಸೋರಿಯಾಸಿಸ್ ಮಚ್ಚೆಯಲ್ಲಿ ಇದೇ ಪಯಣವು 3ರಿಂದ 5 ದಿನಗಳಲ್ಲಿ ಮುಗಿಯುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಒಂದು ಸರಕು ಹೊರಬೀಳಬೇಕಾದ ಅವಧಿಯಲ್ಲಿ ಸುಮಾರು ಏಳು ಸರಕುಗಳು ಹೊರಬೀಳುತ್ತವೆ, ಅವೂ ಪೂರ್ಣ ತಯಾರಾಗದೆ. ಕೋಶಕೇಂದ್ರವು ಇನ್ನೂ ಒಳಗೇ ಉಳಿದಿರುತ್ತದೆ. ಕೋಶಗಳು ಒಂದನ್ನೊಂದು ಬಿಡದೆ ಅಂಟಿಕೊಂಡು ರಾಶಿಯಾಗುತ್ತವೆ. ಆ ರಾಶಿಯ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯಿಂದಾಗಿ ಹೊಟ್ಟು ಬೆಳ್ಳಿಯಂತೆ ಹೊಳೆಯುತ್ತದೆ. ಕೆಳಗಿನ ರಕ್ತನಾಳಗಳು ಹಿಗ್ಗಿ ಚರ್ಮದ ಮೇಲ್ಮೈಗೆ ಸಮೀಪವಾಗಿರುವುದರಿಂದ, ಹೊಟ್ಟನ್ನು ಕೆರೆದು ತೆಗೆದಲ್ಲಿ ಸಣ್ಣ ರಕ್ತದ ಚುಕ್ಕೆಗಳು ಕಾಣಿಸುತ್ತವೆ.

ಈ ಅವಸರಕ್ಕೆ ಚರ್ಮವೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1979ರಲ್ಲಿ, ಕಸಿ ಮಾಡಿದ ಅಂಗವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ಕೀಲುರೋಗಿಗಳಿಗೆ ಪ್ರಯೋಗಾರ್ಥವಾಗಿ ನೀಡಿದಾಗ, ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮದ ಮಚ್ಚೆಗಳೂ ಮಾಯವಾದುದು ಕಂಡುಬಂದಿತು. ಔಷಧವು ತಡೆಯುವುದು ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳನ್ನು. ಅಂದರೆ ಚರ್ಮಕ್ಕೆ ಆಜ್ಞೆ ಬರುತ್ತಿದ್ದುದು ಅಲ್ಲಿಂದ ಎಂಬುದು ಸ್ಪಷ್ಟವಾಯಿತು.

ಇಂದು ಆ ಆಜ್ಞೆಯ ಕ್ರಮವೂ ಬಹುಮಟ್ಟಿಗೆ ತಿಳಿದಿದೆ. ಚರ್ಮದಲ್ಲಿರುವ ಕಾವಲು ಕೋಶಗಳು ಇಂಟರ್‌ಲ್ಯೂಕಿನ್-23 ಎಂಬ ಸಂದೇಶವಾಹಕವನ್ನು ಹೊರಸೂಸುತ್ತವೆ. ಅದರಿಂದ ಪ್ರಚೋದಿತವಾದ ಟಿ-ಕೋಶಗಳು ಇಂಟರ್‌ಲ್ಯೂಕಿನ್-17 ಮುಂತಾದವುಗಳನ್ನು ಸ್ರವಿಸಿ, ಗಾಯವಾಗಿದೆ, ಬೇಗ ಬೆಳೆಯಿರಿ ಎಂದು ಚರ್ಮಕೋಶಗಳಿಗೆ ಸೂಚಿಸುತ್ತವೆ. ಬೆಳೆಯತೊಡಗಿದ ಚರ್ಮಕೋಶಗಳು ತಾವೂ ರಾಸಾಯನಿಕಗಳನ್ನು ಬಿಡುಗಡೆ ಮಾಡಿ ಇನ್ನಷ್ಟು ರೋಗನಿರೋಧಕ ಕೋಶಗಳನ್ನು ಕರೆಯುತ್ತವೆ. ಹೀಗೆ ಅದು ತಾನಾಗಿ ನಿಲ್ಲದ ಸುತ್ತು. ಇಂತಹ ಪ್ರವೃತ್ತಿಗೆ ವಂಶವಾಹಿಗಳ ಪಾಲಿದ್ದರೂ, ತಂದೆ ಅಥವಾ ತಾಯಿಗೆ ಇದ್ದ ಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುತ್ತದೆಂದು ತಿಳಿಯತಕ್ಕದ್ದಲ್ಲ.

ಮೊಣಕೈ ಮತ್ತು ಮೊಣಕಾಲುಗಳೇ ಏಕೆ?

1872ರಲ್ಲಿ ಬ್ರೆಸ್ಲಾವ್ ನಗರದ ವೈದ್ಯ ಹೆನ್ರಿಕ್ ಕೋಬ್ನರ್ ಅವರು, ತಮ್ಮ ರೋಗಿಯೊಬ್ಬರಿಗೆ ಕುದುರೆ ಕಚ್ಚಿದ ಜಾಗದಲ್ಲಿ, ತರಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ ಸೋರಿಯಾಸಿಸ್ ಮೂಡಿದುದನ್ನು ವಿವರಿಸಿದರು. ಚರ್ಮಕ್ಕೆ ಪೆಟ್ಟಾದ ಜಾಗದಲ್ಲಿ ಮಚ್ಚೆ ಏಳುವ ಈ ಲಕ್ಷಣವು ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಇದು ಸುಮಾರು ನಾಲ್ವರು ರೋಗಿಗಳಲ್ಲಿ ಒಬ್ಬರಲ್ಲಿ ಕಾಣುತ್ತದೆ. ಪೆಟ್ಟಾದ ಕೋಶಗಳು ಒಡೆದಾಗ ಹೊರಬೀಳುವ ವಸ್ತುಗಳನ್ನು ಕಾವಲು ಕೋಶಗಳು ಅಪಾಯದ ಸೂಚನೆಯೆಂದು ಪರಿಗಣಿಸುವುದರಿಂದ ಮೇಲೆ ಹೇಳಿದ ಸುತ್ತು ಆರಂಭವಾಗುತ್ತದೆ.

ಉದಾಹರಣೆಗೆ, ಮೈಲೂರಿನಲ್ಲಿ ಮನೆಗಳಿಗೆ ಫರ್ಶಿ ಹಾಸುವ ಕೆಲಸಗಾರರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಅವರಿಗೆ ಸೋರಿಯಾಸಿಸ್ ಪ್ರವೃತ್ತಿ ಇದೆ. ದಿನವಿಡೀ ಮೊಣಕಾಲೂರಿ ಕುಳಿತು, ಒಂದು ಮೊಣಕೈಯನ್ನು ಕಲ್ಲಿಗೆ ಆನಿಸಿ ಕೆಲಸ ಮಾಡುತ್ತಾರೆ. ಒಂದು ದಿನ ಕಲ್ಲಿನ ಅಂಚು ತಗುಲಿ ಮುಂಗೈ ಉದ್ದಕ್ಕೆ ತರಚಿತು. ವಾರದೊಳಗೆ ಗಾಯ ಮಾಯಿತು. ಆದರೆ ಹದಿನಾಲ್ಕನೆಯ ದಿನದ ಸುಮಾರಿಗೆ, ಅದೇ ಗೆರೆಯ ಗುಂಟ ಕೆಂಪು ಉಬ್ಬು ಎದ್ದು, ನಂತರ ಅದರ ಮೇಲೆ ಬಿಳಿ ಹೊಟ್ಟು ಕೂಡಿತು. ಪೆಟ್ಟಿಗೂ ಮಚ್ಚೆಗೂ ನಡುವೆ 10ರಿಂದ 20 ದಿನಗಳ ಅಂತರವಿರುವುದು ಸಾಮಾನ್ಯವಾದುದರಿಂದ, ಬಹಳಷ್ಟು ಜನರು ಇವೆರಡರ ಸಂಬಂಧವನ್ನು ಗುರುತಿಸುವುದೇ ಇಲ್ಲ. ತಿಂದ ಬದನೆಕಾಯಿಯ ಮೇಲೆ ದೋಷ ಹೊರಿಸುತ್ತಾರೆ.

ಮುಂಗೈ ತರಚಿದುದು ಒಮ್ಮೆ ಮಾತ್ರ. ಮೊಣಕೈ ಮತ್ತು ಮೊಣಕಾಲುಗಳಿಗಾದರೋ ಅಂತಹ ಸಣ್ಣ ಪೆಟ್ಟು ಪ್ರತಿದಿನವೂ ಉಂಟು. ಅಲ್ಲಿ ಚರ್ಮದ ಕೆಳಗೆ ಮೆತ್ತನೆಯ ಮಾಂಸವಿಲ್ಲದೆ ಎಲುಬೇ ಇರುವುದರಿಂದ ಒತ್ತಡವೆಲ್ಲವೂ ಚರ್ಮದ ಮೇಲೆ ಬೀಳುತ್ತದೆ. ಕೈಕಾಲು ಮಡಿಸಿದಾಗಲೆಲ್ಲ ಆ ಚರ್ಮ ಬಿಗಿದು ಹಿಗ್ಗುತ್ತದೆ. ಬೀದರ್, ಭಾಲ್ಕಿ, ಔರಾದ ಭಾಗದ ಚಳಿಗಾಲದ ಒಣಹವೆಯಲ್ಲಿ ಅದೇ ಚರ್ಮ ಬಿರಿಯುವುದೂ ಉಂಟು. ಮೇಜಿಗೆ ಮೊಣಕೈ ಊರಿ ಬರೆಯುವ ಗುಮಾಸ್ತರೂ ಇದಕ್ಕೆ ಹೊರತಲ್ಲ. ಆದಾಗ್ಯೂ ತಿಕ್ಕಾಟವೊಂದೇ ಪೂರ್ಣ ಕಾರಣವಲ್ಲ: ಬಲಗೈ ಮಾತ್ರ ಊರುವವರಿಗೂ ಎರಡೂ ಮೊಣಕೈಗಳಲ್ಲಿ ಸಮನಾಗಿ ಮಚ್ಚೆ ಇರುವುದು ಸಾಮಾನ್ಯ.

ಮಚ್ಚೆಯು ಮತ್ತೆ ಮತ್ತೆ ಅದೇ ಜಾಗದಲ್ಲಿ ಮರಳುವುದಕ್ಕೆ ಇನ್ನೊಂದು ಕಾರಣವಿದೆ. ಚಿಕಿತ್ಸೆಯಿಂದ ಚರ್ಮವು ನುಣುಪಾದ ಮೇಲೂ, ನೆನಪುಳ್ಳ ಕೆಲವು ಟಿ-ಕೋಶಗಳು ಅಲ್ಲಿಯೇ ನೆಲೆಸಿರುತ್ತವೆ. ಮುಲಾಮು ನಿಲ್ಲಿಸಿದಾಗ, ಅಥವಾ ಪುನಃ ಮೊಣಕಾಲೂರಿ ಕುಳಿತಾಗ, ಅವು ಹಳೆಯ ಕೆಲಸಕ್ಕೆ ತೊಡಗುತ್ತವೆ. ಈ ಕಾರಣದಿಂದಲೇ ಹೊಟ್ಟನ್ನು ಕಲ್ಲಿನಿಂದ ಉಜ್ಜಿ ತೆಗೆಯುವುದು ವ್ಯರ್ಥ ಮಾತ್ರವಲ್ಲ, ಹಾನಿಕರವೂ ಹೌದು. ಉಜ್ಜಿದ ಪೆಟ್ಟೇ ಮಚ್ಚೆಯನ್ನು ಹಿಗ್ಗಿಸಬಲ್ಲದು. ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿಯಿಂದ ಮೆತ್ತಗಾಗಿಸುವುದು, ಮೊಣಕಾಲಿನ ಕೆಳಗೆ ದಪ್ಪ ಗಾದಿ ಹಾಕಿ ಕೆಲಸ ಮಾಡುವುದು ಉಚಿತ.

ಗುರುತಿಸುವ ಬಗೆ

ಮಚ್ಚೆಯ ಸ್ಥಾನವೇ ಒಂದು ಸುಳಿವು. ಇಸುಬು ಸಾಮಾನ್ಯವಾಗಿ ಮೊಣಕೈಯ ಒಳಮಡಿಕೆಯಲ್ಲಿ ಮತ್ತು ಮೊಣಕಾಲಿನ ಹಿಂಬದಿಯಲ್ಲಿ ಏಳುತ್ತದೆ, ಸೋರಿಯಾಸಿಸ್ ಹೊರಬದಿಯಲ್ಲಿ. ಗಜಕರ್ಣವು ಅಂಚಿನಲ್ಲಿ ಉಬ್ಬಿ ನಡುವೆ ತಿಳಿಯಾಗುತ್ತಾ ಉಂಗುರದಂತೆ ಹರಡುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ; ಸೋರಿಯಾಸಿಸ್ ಮಚ್ಚೆಯಲ್ಲಿ ಸ್ಪರ್ಶ ತಿಳಿಯುತ್ತದೆ, ತುರಿಕೆಯೂ ಇರಬಹುದು. ನಿರ್ಣಯವನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ಅಥವಾ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ತಜ್ಞರಿಂದಲೇ ಪಡೆಯತಕ್ಕದ್ದು.

ವೈದ್ಯರು ಮೆಥೋಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದಲ್ಲಿ ಅದು ವಾರಕ್ಕೊಮ್ಮೆ ಸೇವಿಸುವ ಔಷಧವೆಂಬುದನ್ನು ವಿಶೇಷವಾಗಿ ಗಮನಿಸುವುದು. ಪ್ರತಿದಿನ ಸೇವಿಸಿದಲ್ಲಿ ರಕ್ತ ಉತ್ಪಾದನೆಯೇ ಕುಂಠಿತವಾಗಿ ಪ್ರಾಣಾಪಾಯವಾಗಬಹುದು. ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದನ್ನು ಸ್ವಂತ ತೀರ್ಮಾನದಿಂದ ಪಡೆದು ಹಠಾತ್ತನೆ ನಿಲ್ಲಿಸಿದಲ್ಲಿ ರೋಗವು ಮೈತುಂಬ ಉಲ್ಬಣಿಸುವ ಸಂಭವವಿದೆ.

ಅಂಗವಿಕಲತೆ ಪ್ರಮಾಣ ಪತ್ರ ಕೋರುವವರು ಗಮನಿಸಬೇಕಾದುದೇನೆಂದರೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಅನುಸೂಚಿಯಲ್ಲಿರುವ 21 ವಿಧಗಳಲ್ಲಿ ಸೋರಿಯಾಸಿಸ್ ಸೇರಿರುವುದಿಲ್ಲ. ಆದರೆ ಕೆಲವರಲ್ಲಿ ಇದೇ ರೋಗವು ಕೀಲುಗಳನ್ನೂ ಬಾಧಿಸುತ್ತದೆ. ಬೆಳಿಗ್ಗೆ ಬೆರಳುಗಳು ಬಿಗಿದು ಬಹಳ ಹೊತ್ತು ಸಡಿಲಗೊಳ್ಳದಿರುವುದು, ಬೆರಳು ಇಡಿಯಾಗಿ ಊದಿಕೊಳ್ಳುವುದು ಅದರ ಲಕ್ಷಣಗಳು. ಅದರಿಂದ ಚಲನೆಗೆ ಶಾಶ್ವತ ಅಡ್ಡಿಯಾಗಿದ್ದಲ್ಲಿ, ಚರ್ಮದ ಮಚ್ಚೆಯ ಆಧಾರದ ಮೇಲಲ್ಲದೆ ಕೀಲುಗಳ ಚಲನೆಯ ಆಧಾರದ ಮೇಲೆ ಪರೀಕ್ಷೆ ಕೋರಿ ಅರ್ಜಿ ಸಲ್ಲಿಸಬಹುದಾಗಿದೆ.